ಯಾವತ್ತು ಬರುತ್ತೆ, ಯಾಕೆ ತಡ

ನಮ್ಮ ಭಾವನವರನ್ನು ನಾವು ಬೆನ್ನ ಹಿಂದೆ ಹೆಡ್ಡಾಫೀಸು ಅಂತ ಕರೆಯುತ್ತೇವೆ. ಎದುರಿಗೆ ಕರೆಯುವ ಧೈರ್ಯ ಇನ್ನೂ ಯಾರಿಗೂ ಬಂದಿಲ್ಲ. ನನ್ನ ಗಂಡನ ಅಣ್ಣ ಅವರು. ಸರ್ಕಾರಿ ಕಚೇರಿಯಲ್ಲಿ ಸೂಪರಿಂಟೆಂಡೆಂಟ್ ಆಗಿದ್ದು ನಿವೃತ್ತರಾದವರು. ಕಚೇರಿ ಅವರನ್ನು ಬಿಟ್ಟಿತೇ ಹೊರತು ಅವರು ಕಚೇರಿಯನ್ನು ಬಿಡಲಿಲ್ಲ. ಮನೆಯ ಮುಂದಿನ ಕೋಣೆಯಲ್ಲಿ ಒಂದು ಮೇಜು, ಅದರ ಮೇಲೆ 'ಒಳಕ್ಕೆ', 'ಹೊರಕ್ಕೆ' ಎಂದು ಚೀಟಿ ಅಂಟಿಸಿದ ಎರಡು ಟ್ರೇ, ಒಂದು ಗೋಂದಿನ ಬಾಟಲಿ, ತೂತು ಹೊಡೆಯುವ ಯಂತ್ರ. ಹಾಲಿನ ಬಿಲ್ಲು ಬಂದರೆ ಅದು ಮೊದಲು 'ಒಳಕ್ಕೆ' ಟ್ರೇಯಲ್ಲಿ ನಾಲ್ಕು ದಿನ ಮಲಗಬೇಕು, ಆಮೇಲೆ ಮೂಲೆಯಲ್ಲೊಂದು ಕಿರುಸಹಿ ಹಾಕಿಸಿಕೊಂಡು 'ಹೊರಕ್ಕೆ' ಬರಬೇಕು. ಅಷ್ಟರಲ್ಲಿ ನಮ್ಮ ಅಕ್ಕ, ಅಂದರೆ ಅವರ ಹೆಂಡತಿ, ಡಬ್ಬಿಯಲ್ಲಿಟ್ಟ ತಮ್ಮ ದುಡ್ಡಿನಿಂದ ಹಾಲಿನವನಿಗೆ ಕೊಟ್ಟು ಕಳಿಸಿರುತ್ತಾರೆ. ಹಾಗಾಗಿ ಆ ಮನೆ ನಡೆಯುತ್ತಿದೆ.

ನಾನು ಹೊಲಿಗೆಯವಳು. ಎರಡು ಮಷೀನು, ಒಂದು ಕಟಿಂಗ್ ಟೇಬಲ್ಲು, ಬಟ್ಟೆ ಹಾಕಿ ನೋಡಲು ಮೂಲೆಯಲ್ಲೊಂದು ಪರದೆ. ಇಷ್ಟೇ ನನ್ನ ಅಂಗಡಿ. ಮಕ್ಕಳ ಯೂನಿಫಾರ್ಮು, ಗಂಡಸರ ಪ್ಯಾಂಟಿನ ಉದ್ದ ಕಡಿಮೆ ಮಾಡುವುದು, ಸೊಂಟ ಜಾಸ್ತಿ ಮಾಡುವುದು, ಕಿಟಕಿ ಪರದೆ, ಎಲ್ಲ ಮಾಡುತ್ತೇನೆ. ಕೋಣೆ ಬಾಡಿಗೆಯದು. ಪಕ್ಕದ ಮೆಡಿಕಲ್ ಶಾಪಿನವರದು. ಅವರು ಆ ಕೋಣೆಯನ್ನು ಮಾರುತ್ತೇನೆ ಅಂದಾಗ ಓಡುತ್ತಿದ್ದ ಮಷೀನು ನಿಲ್ಲಿಸಿದೆ. ಹೊಸ ಜಾಗ ಹುಡುಕುವುದು ಅಂದರೆ ಹೊಸದಾಗಿ ಗಿರಾಕಿ ಹುಡುಕುವುದು. ಸೊಂಟದ ಅಳತೆ ಹೇಳಲು ನಾಚಿಕೊಳ್ಳದ ಗಿರಾಕಿಗಳು ಒಂದು ದಿನದಲ್ಲಿ ಸಿಗುವುದಿಲ್ಲ.

"ನಾನೇ ತಗೋತೀನಿ" ಅಂದುಬಿಟ್ಟೆ. ಅವರು ನಕ್ಕರು. ಆಮೇಲೆ ನಾನು ಮುಂಗಡ ತಂದು ಮುಂದಿಟ್ಟಾಗ ನಗು ನಿಲ್ಲಿಸಿದರು. ಕರಾರು ಪತ್ರ ಆಯಿತು. ಮುಂದಿನ ತಿಂಗಳ ಕೊನೆಯ ಶುಕ್ರವಾರದೊಳಗೆ ಬಾಕಿ ಕೊಡಬೇಕು. ಕೊಡದಿದ್ದರೆ ಮುಂಗಡ ಅವರದು, ಕೋಣೆ ಎದುರುಗಡೆ ಮೊಬೈಲ್ ರಿಪೇರಿಯವನದು. ಅವನು ನೋಟಿನ ಕಟ್ಟು ಹಿಡಿದುಕೊಂಡೇ ನಿಂತಿದ್ದ.

ಬಾಕಿ ದುಡ್ಡು ನನ್ನ ಹತ್ತಿರ ಇತ್ತು. ಇತ್ತು ಅಂದರೆ, ಒಂದು ಹೂಡಿಕೆ ಕಂಪನಿಯ ಹತ್ತಿರ ಇತ್ತು. ವರ್ಷಗಟ್ಟಲೆ ತಿಂಗಳು ತಿಂಗಳು ಹೊಲಿಗೆ ಕಾಸಿನಲ್ಲಿ ಉಳಿಸಿ ಅವರ ಫಂಡಿನಲ್ಲಿ ಹಾಕಿದ್ದೆ. ನಮ್ಮ ಯಜಮಾನರು ಬಸ್ ಡ್ರೈವರ್. ಅವರ ಸಂಬಳ ಮನೆಗೆ, ನನ್ನ ಉಳಿತಾಯ ಫಂಡಿಗೆ. ಎರಡು ವರ್ಷದ ಹಿಂದೆ ಹಾಕುವುದು ನಿಲ್ಲಿಸಿ, ಬೆಳೆಯಲಿ ಅಂತ ಹಾಗೇ ಬಿಟ್ಟಿದ್ದೆ. ಆ ಕಂಪನಿಯವರು ದುಡ್ಡನ್ನು ದುಡ್ಡು ಅನ್ನುವುದಿಲ್ಲ, ಯೂನಿಟ್ಟು ಅನ್ನುತ್ತಾರೆ. ಯೂನಿಟ್ಟು ವಾಪಸ್ ಕೊಟ್ಟು ದುಡ್ಡು ತಗೊಳ್ಳುವುದಕ್ಕೆ ರಿಡೆಂಪ್ಶನ್ ಅನ್ನುತ್ತಾರೆ. ಶಾಖೆಗೆ ಹೋಗಿ ಅರ್ಜಿ ಕೊಟ್ಟೆ, ಸಹಿ ತಾಳೆ ನೋಡಿದರು, ಸೀಲು ಹೊಡೆದ ಸ್ವೀಕೃತಿ ಚೀಟಿ ಕೊಟ್ಟರು. ಕೌಂಟರಿನಲ್ಲಿದ್ದ ಕನ್ನಡಕದ ಹೆಂಗಸು, "ಮೂರು ವರ್ಕಿಂಗ್ ಡೇಸಲ್ಲಿ ನಿಮ್ಮ ಬ್ಯಾಂಕಿಗೆ ಬರುತ್ತೆ ಮೇಡಂ" ಅಂದಳು. ನೀರು ಕುಡಿದಷ್ಟು ಸುಲಭವಾಯಿತಲ್ಲ ಅಂತ ಬರುವ ದಾರಿಯಲ್ಲಿ ಕೋಣೆಯ ಗೋಡೆಗೆ ಯಾವ ಬಣ್ಣ ಬಳಿಸಲಿ ಅಂತ ಯೋಚಿಸಿದೆ. ಅಲ್ಲೇ ತಪ್ಪಾಗಿದ್ದು. ದುಡ್ಡು ಕೈಗೆ ಬರುವ ಮೊದಲು ಬಣ್ಣ ಆರಿಸಬಾರದು.

ಮೂರು ದಿನ ಆಯಿತು, ವಾರ ಆಯಿತು. ದುಡ್ಡಿಲ್ಲ. ಫೋನ್ ಮಾಡಿದೆ. ಒಂದು ಹಾಡು ಹಾಕಿದರು. ಹಾಡು ಮುಗಿದ ಮೇಲೆ ಒಬ್ಬ ಹುಡುಗ ಬಂದು, "ನಿಮ್ಮ ನೋಂದಾಯಿತ ನಂಬರಿನಿಂದ ಕರೆ ಮಾಡಿ" ಅಂದ. ನೋಂದಾಯಿತ ನಂಬರು ಯಾವುದು ಅಂದರೆ, ನಾನು ಫಂಡು ಶುರು ಮಾಡಿದಾಗ ಕೊಟ್ಟಿದ್ದ ಭಾವನವರ ಮನೆಯ ಲ್ಯಾಂಡ್‌ಲೈನು. ಆಗ ನಾವು ವರ್ಷಕ್ಕೊಂದು ಬಾಡಿಗೆ ಮನೆ ಬದಲಿಸುತ್ತಿದ್ದೆವು. ವಿಳಾಸವೂ ಅವರದೇ ಕೊಟ್ಟಿದ್ದೆವು. ಆ ಲ್ಯಾಂಡ್‌ಲೈನು ಸತ್ತು ಎಷ್ಟೋ ಕಾಲವಾಗಿದೆ. ಅದು ಈಗಲೂ ಭಾವನವರ ಮೇಜಿನ ಮೇಲೆ ಇದೆ, ಹೂವಿನ ಕಸೂತಿಯ ಬಟ್ಟೆ ಹೊದ್ದುಕೊಂಡು.

"ಅದು ಬಂದ್ ಆಗಿದೆ ಕಣಪ್ಪ" ಅಂದೆ.

"ಹಾಗಾದ್ರೆ ಸಾಮಾನ್ಯ ಮಾಹಿತಿ ಮಾತ್ರ ಕೊಡಬಹುದು ಮೇಡಂ. ಸಾಮಾನ್ಯವಾಗಿ ಮೂರು ವರ್ಕಿಂಗ್ ಡೇಸಲ್ಲಿ ದುಡ್ಡು ಬರುತ್ತೆ."

ಸಾಮಾನ್ಯವಾಗಿ ಬರುವ ದುಡ್ಡು ನನಗೆ ಬೇಕಿರಲಿಲ್ಲ. ನನ್ನ ದುಡ್ಡು ಬೇಕಿತ್ತು. ಅಂಗಡಿ ಮುಚ್ಚಿ ಶಾಖೆಗೆ ಓಡಿಹೋದೆ. ಅಲ್ಲಿ ಉದ್ದದ ಸಾಲು. ಸಾಲಿನ ತುದಿಯಲ್ಲಿ ಯಾರೋ ಹೊಸಬ. "ನಮ್ಮ ಕಡೆಯಿಂದ ದುಡ್ಡು ಬಿಡುಗಡೆ ಆಗಿದೆ, ನಿಮ್ಮ ಬ್ಯಾಂಕಲ್ಲಿ ಕೇಳಿ. ಏನಾದ್ರೂ ದೂರಿದ್ರೆ ಬರೆದು ಕೊಡಿ" ಅಂದು ಮುಂದಿನವರನ್ನು ಕರೆದ. ಬ್ಯಾಂಕಿನವರನ್ನು ಕೇಳಿದರೆ ಏನೂ ಬಂದಿಲ್ಲ ಅಂದರು. ಒಬ್ಬರು ಕಳಿಸಿದ್ದೇವೆ ಅನ್ನುತ್ತಾರೆ, ಇನ್ನೊಬ್ಬರು ಬಂದಿಲ್ಲ ಅನ್ನುತ್ತಾರೆ, ಇಬ್ಬರೂ ನಗುಮುಖದವರು.

ರಾತ್ರಿ ಊಟಕ್ಕೆ ಕೂತಾಗ ಯಜಮಾನರಿಗೆ ಹೇಳಿದೆ. ಅವರು ಪ್ರಪಂಚದ ಎಲ್ಲ ಕಷ್ಟಕ್ಕೂ ಒಂದೇ ಔಷಧಿ ಹೇಳುವವರು.

"ಅಣ್ಣಂಗೆ ಹೇಳು. ಅವ್ನು ನೋಡ್ಕೋತಾನೆ."

ಹೇಳಿದೆ. ಹೇಳುತ್ತಿದ್ದಂತೆ ಭಾವನವರ ಮುಖದಲ್ಲಿ ಕಳೆ ಬಂತು. ನಿವೃತ್ತಿಯಾದ ಮೇಲೆ ಇಷ್ಟು ಒಳ್ಳೆಯ ತೊಂದರೆ ಅವರಿಗೆ ಸಿಕ್ಕಿರಲಿಲ್ಲ.

"ನೋಡಮ್ಮ, ಬಾಯಿಮಾತಿಗೆ ಬೆಲೆ ಇಲ್ಲ. ಎಲ್ಲ ಬರವಣಿಗೆಯಲ್ಲಿ ಇರಬೇಕು. ನೀನು ಹೊಲಿಗೆ ನೋಡ್ಕೋ. ಇದನ್ನ ನನಗೆ ಬಿಡು."

"ನಾನು ಸಹಿ ಹಾಕಬೇಕಾ ಭಾವ?"

"ನಿನ್ನ ಸಹಿ ಯಾಕೆ? ನಿನ್ನ ಪರವಾಗಿ ನಾನು ಹಾಕ್ತೀನಿ. ನನ್ನ ಸಹಿಗೆ ಒಂದು ತೂಕ ಇದೆ."

ಅವರ ಸಹಿ ನಿಜಕ್ಕೂ ತೂಕದ್ದೇ. ಮೊದಲ ಅಕ್ಷರದಿಂದ ಶುರುವಾಗಿ, ಎರಡು ಸುತ್ತು ಹಾಕಿ, ಕಾಗದದ ಅಂಚಿನವರೆಗೆ ಓಡಿ ವಾಪಸ್ ಬಂದು, ಕೆಳಗೆ ಎರಡು ಚುಕ್ಕೆ. ಅದನ್ನು ಹಾಕುವಾಗ ನಾಲಿಗೆಯನ್ನು ಹಲ್ಲಿನ ನಡುವೆ ಕಚ್ಚಿಕೊಳ್ಳುತ್ತಾರೆ.

ಮೊದಲ ಪತ್ರ ಎರಡು ಪುಟ ಇತ್ತು. ನನಗೆ ಓದಿ ತೋರಿಸಿದರು. ಕಂಪನಿಯ ಕೀರ್ತಿ, ಉಳಿತಾಯದ ಮಹತ್ವ, ಸಾರ್ವಜನಿಕರ ವಿಶ್ವಾಸ ಎಲ್ಲ ಬಂದ ಮೇಲೆ, ಎರಡನೇ ಪುಟದ ತುದಿಯಲ್ಲಿ, 'ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಾವು ಸೂಕ್ತ ಕ್ರಮ ಕೈಗೊಳ್ಳುವಿರೆಂದು ಆಶಿಸಲಾಗಿದೆ' ಎಂದಿತ್ತು. ದುಡ್ಡು ಅನ್ನುವ ಪದ ಎಲ್ಲೂ ಇರಲಿಲ್ಲ.

"ದುಡ್ಡು ಯಾವಾಗ ಬರುತ್ತೆ ಅಂತ ಕೇಳೇ ಇಲ್ವಲ್ಲ ಭಾವ?"

"ಹಾಗೆಲ್ಲ ಒಡ್ಡೊಡ್ಡಾಗಿ ಕೇಳಬಾರದು. ಅದು ಅವರಿಗೇ ಅರ್ಥ ಆಗಬೇಕು."

ಅವರಿಗೆ ಅರ್ಥ ಆಗಲಿಲ್ಲ. ಭಾವನವರು ಎರಡನೇ ಪತ್ರ ಬರೆದರು, ಮೊದಲ ಪತ್ರದತ್ತ ಗಮನ ಸೆಳೆಯಲು. ಮೂರನೆಯದು, ಎರಡನೆಯದರತ್ತ ಗಮನ ಸೆಳೆಯಲು. ಪ್ರತಿ ಸಲ ನಾನು ಹೋಗಿ, "ಏನಾದ್ರೂ ಬಂತಾ?" ಅಂದರೆ, "ಸರಿಯಾದ ಉತ್ತರ ಇನ್ನೂ ಬಂದಿಲ್ಲ" ಅನ್ನುತ್ತಿದ್ದರು. 'ಸರಿಯಾದ' ಅನ್ನುವ ಮಾತನ್ನು ನಾನು ಆಗ ಹಿಡಿದು ಅಲ್ಲಾಡಿಸಿ ನೋಡಬೇಕಿತ್ತು. ನಾಳೆ ಬರುತ್ತೆ, ನಾಡಿದ್ದು ಬರುತ್ತೆ ಅಂತ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದೆ. ಒಂದು ದಿನ ಚಿಂತೆಯಲ್ಲಿ ಒಬ್ಬರ ಪ್ಯಾಂಟಿನ ಎರಡೂ ಕಾಲನ್ನು ಒಂದಕ್ಕೊಂದು ಸೇರಿಸಿ ಹೊಲಿದುಬಿಟ್ಟೆ.

ಕೊನೆಯ ವಾರ ಬಂತು. ಸೋಮವಾರ ಬೆಳಗ್ಗೆ ಮೆಡಿಕಲ್ ಶಾಪಿನವರು ಅಂಗಡಿಗೆ ಬಂದು ಕಟಿಂಗ್ ಟೇಬಲ್ಲಿಗೆ ಒರಗಿ ನಿಂತರು. ಒಳ್ಳೆಯ ಮನುಷ್ಯ. ಆದರೆ ಮಾತ್ರೆ ಎಣಿಸಿ ಎಣಿಸಿ ಮಾತೂ ಎಣಿಸಿಯೇ ಆಡುತ್ತಾರೆ.

"ಶುಕ್ರವಾರ ಗಡುವು. ಗೊತ್ತಲ್ಲ?"

"ದುಡ್ಡು ಕಂಪನಿಯಲ್ಲಿ ಸಿಕ್ಕೊಂಡಿದೆ ಅಣ್ಣ. ಬಂದೇ ಬರುತ್ತೆ."

"ಬಂದೇ ಬರುತ್ತೆ ಅನ್ನೋದು ಸಾಲಲ್ಲ. ಯಾವತ್ತು ಬರುತ್ತೆ, ಯಾಕೆ ತಡ, ಇವೆರಡನ್ನ ಆ ಕಂಪನಿಯವರ ಕೈಲಿ ಬರೆಸಿಕೊಂಡು ಬನ್ನಿ. ಆಮೇಲೆ ನೋಡೋಣ. ಸುಮ್ನೆ ಕಾಯೋಕೆ ನನಗೂ ಆಗಲ್ಲ. ಎದುರಿನವನು ದಿನಾ ಬಂದು ಕೇಳ್ತಾನೆ."

ನೇರವಾಗಿ ಭಾವನವರ ಮನೆಗೆ ಹೋದೆ. ಅವರು ಐದನೇ ಪತ್ರದ ಕರಡು ತಿದ್ದುತ್ತಿದ್ದರು. 'ಅತ್ಯಂತ ವಿನಮ್ರತೆಯಿಂದ' ಎಂಬುದನ್ನು ಹೊಡೆದು 'ವಿನಮ್ರತೆಯಿಂದ' ಎಂದು ಮಾಡಿದ್ದರು. ಅವರ ಪ್ರಕಾರ ಇದು ಕಂಪನಿಗೆ ಕೊಟ್ಟ ಕೊನೆಯ ಎಚ್ಚರಿಕೆ.

"ಈಗ ನಡುಗ್ತಾರೆ ನೋಡು" ಅಂದರು.

ನನ್ನ ತಲೆ ಕೆಟ್ಟುಹೋಯಿತು. ಅಂಗಡಿಗೆ ವಾಪಸ್ ಬಂದೆ. ಕಟಿಂಗ್ ಟೇಬಲ್ಲಿನ ಮೇಲಿದ್ದ ಬಟ್ಟೆ ಸರಿಸಿ, ಅಳತೆ ಬರೆಯುವ ನೋಟ್‌ಬುಕ್ಕಿನಿಂದ ಒಂದು ಹಾಳೆ ಕಿತ್ತುಕೊಂಡು ಬರೆಯಲು ಕೂತೆ. ಪತ್ರ ಬರೆದು ಅಭ್ಯಾಸ ಇಲ್ಲ. ಗಿರಾಕಿಗೆ ಹೇಳುವ ಹಾಗೆ ಹೇಳಿದರಾಯಿತು ಅಂದುಕೊಂಡೆ.

'ಮಾನ್ಯರೇ,

ನಿಮ್ಮ ಫಂಡಿನಲ್ಲಿ ನನ್ನ ಖಾತೆ ಇದೆ. ಖಾತೆ ನಂಬರು ಮೇಲೆ ಬರೆದಿದ್ದೇನೆ. ನನ್ನ ಎಲ್ಲ ಯೂನಿಟ್ಟುಗಳ ದುಡ್ಡು ವಾಪಸ್ ಬೇಕೆಂದು ಕಳೆದ ತಿಂಗಳು ನಿಮ್ಮ ಶಾಖೆಯಲ್ಲಿ ಅರ್ಜಿ ಕೊಟ್ಟಿದ್ದೇನೆ. ನೀವು ಸೀಲು ಹಾಕಿ ಕೊಟ್ಟ ಸ್ವೀಕೃತಿ ಚೀಟಿಯ ನಕಲು ಇದರ ಜೊತೆಗಿದೆ. ಇವತ್ತಿನವರೆಗೂ ನನ್ನ ಬ್ಯಾಂಕಿಗೆ ದುಡ್ಡು ಬಂದಿಲ್ಲ. ಪಾಸ್‌ಬುಕ್ಕಿನ ನಕಲೂ ಇಟ್ಟಿದ್ದೇನೆ, ನೋಡಿ.

ನನಗೆ ಎರಡು ವಿಷಯ ಬರೆದು ತಿಳಿಸಿ. ದುಡ್ಡು ನನ್ನ ಖಾತೆಗೆ ಯಾವ ತಾರೀಖಿಗೆ ಜಮಾ ಆಗುತ್ತದೆ? ಇಷ್ಟು ತಡ ಯಾಕಾಯಿತು? ಈ ಶುಕ್ರವಾರದೊಳಗೆ ನಾನು ಒಬ್ಬರಿಗೆ ದುಡ್ಡು ಕೊಡಬೇಕು. ಕೊಡದಿದ್ದರೆ ನನ್ನ ಅಂಗಡಿ ಹೋಗುತ್ತದೆ. ಉತ್ತರವನ್ನು ಅಂಚೆಗೆ ಹಾಕಬೇಡಿ. ನಾನೇ ಬಂದು ತಗೊಳ್ಳುತ್ತೇನೆ.'

ಕೆಳಗೆ ಸಹಿ ಹಾಕಿದೆ. ನನ್ನ ಸಹಿಗೆ ಸುತ್ತೂ ಇಲ್ಲ ಚುಕ್ಕೆಯೂ ಇಲ್ಲ.

ಮರುದಿನ ಶಾಖೆ ತೆರೆಯುವ ಮೊದಲೇ ಬಾಗಿಲಲ್ಲಿ ನಿಂತಿದ್ದೆ. ಪುಣ್ಯಕ್ಕೆ ಕೌಂಟರಿನಲ್ಲಿ ಮೊದಲ ದಿನದ ಕನ್ನಡಕದವಳೇ ಇದ್ದಳು. ಪತ್ರ ಓದಿದಳು, ಗುರುತಿನ ಚೀಟಿ ನೋಡಿದಳು, ಸಹಿ ತಾಳೆ ನೋಡಿದಳು. ಕಂಪ್ಯೂಟರಿನಲ್ಲಿ ಏನೋ ಒತ್ತಿ, ಇನ್ನೊಂದು ಸಲ ಒತ್ತಿ, ನನ್ನ ಮುಖವನ್ನೇ ನೋಡಿದಳು.

"ಮೇಡಂ, ನೀವು ನಿಜವಾಗ್ಲೂ ಇದ್ದೀರಾ?"

"ಇಲ್ಲದೆ ಏನಮ್ಮ?"

"ಅಲ್ಲ, ನಮ್ಮ ರೆಕಾರ್ಡಲ್ಲಿ ನೀವು ಆ ವಿಳಾಸದಲ್ಲಿ ಇಲ್ಲ ಅಂತಿದೆ. ನಾವು ಕಳಿಸಿದ್ದೆಲ್ಲ ವಾಪಸ್ ಬಂದಿದೆ." ಅವಳು ಕುರ್ಚಿ ಹತ್ತಿರ ಎಳೆದುಕೊಂಡಳು. "ದುಡ್ಡು ನಾವು ಮೂರನೇ ದಿನವೇ ಕಳಿಸಿದ್ವಿ. ನಿಮ್ಮ ಬ್ಯಾಂಕು ಇನ್ನೊಂದು ಬ್ಯಾಂಕಿಗೆ ಸೇರಿಕೊಳ್ತಲ್ಲ? ಖಾತೆ ನಂಬರು ಬದಲಾಗಿದೆ. ನಮ್ಮಲ್ಲಿ ಹಳೇ ನಂಬರೇ ಇತ್ತು. ಹಾಗಾಗಿ ದುಡ್ಡು ನಮಗೇ ವಾಪಸ್ ಬಂತು."

ಬ್ಯಾಂಕಿನವರು ಹೊಸ ಪಾಸ್‌ಬುಕ್ಕು ಕೊಟ್ಟಾಗ ಹೊದಿಕೆಯ ಬಣ್ಣ ಚೆನ್ನಾಗಿದೆ ಅಂದುಕೊಂಡಿದ್ದೆ. ಫಂಡಿನವರಿಗೂ ಹೊಸ ನಂಬರು ಹೇಳಬೇಕು ಅನ್ನುವುದು ತಲೆಗೇ ಹೋಗಿರಲಿಲ್ಲ.

"ಸರಿ, ಅದನ್ನ ನನಗೆ ಹೇಳಬೇಕಿತ್ತಲ್ಲ?"

"ಹೇಳಿದ್ವಿ ಮೇಡಂ. ಹೊಸ ಬ್ಯಾಂಕಿನ ವಿವರ, ರದ್ದು ಮಾಡಿದ ಒಂದು ಚೆಕ್ಕು ತಂದುಕೊಡಿ ಅಂತ ಪತ್ರ ಹಾಕಿದ್ವಿ. ವಾಪಸ್ ಬಂತು. ಎರಡನೇ ಪತ್ರ ಹಾಕಿದ್ವಿ. ಅದೂ ವಾಪಸ್. ಮಧ್ಯೆ ಯಾರೋ ಒಬ್ಬರು ದೊಡ್ಡ ದೊಡ್ಡ ಪತ್ರ ಬರೀತಿದ್ರು. ಅವರು ಖಾತೆದಾರರಲ್ಲ, ಅವರಿಗೆ ನಿಮ್ಮ ಮಾಹಿತಿ ಕೊಡೋ ಹಾಗಿಲ್ಲ. ಖಾತೆದಾರರೇ ಸಹಿ ಮಾಡಿ ಬರೀಬೇಕು ಅಂತ ಅವರಿಗೂ ಉತ್ತರ ಹಾಕಿದ್ವಿ. ಅದನ್ನೂ ವಾಪಸ್ ಕಳಿಸಿದ್ರು." ಅವಳು ತಡೆದು, "ನಮ್ಮ ಟಪಾಲು ವಿಭಾಗದಲ್ಲಿ ಅವರು ಭಾರೀ ಫೇಮಸ್ಸು" ಅಂದಳು.

ಟಪಾಲು ವಿಭಾಗದಿಂದ ಲಕೋಟೆಗಳನ್ನು ತರಿಸಿದಳು. ಮೂರಕ್ಕೂ ಅದೇ ಗೋಂದು, ಅದೇ ಅಚ್ಚುಕಟ್ಟಾಗಿ ಕತ್ತರಿಸಿದ ಬಿಳಿ ಚೀಟಿ. ಅದರ ಮೇಲೆ ನನಗೆ ಚೆನ್ನಾಗಿ ಗೊತ್ತಿದ್ದ ದುಂಡು ಅಕ್ಷರ. 'ಪತ್ರದಲ್ಲಿ ಅಧಿಕಾರಿಯ ಸಹಿ ಇಲ್ಲದ ಕಾರಣ ಕ್ರಮಬದ್ಧವಾಗಿಲ್ಲ. ಹಿಂದಿರುಗಿಸಲಾಗಿದೆ.' ಅದರ ಕೆಳಗೆ ಎರಡು ಸುತ್ತು, ಎರಡು ಚುಕ್ಕೆ.

ನಗು ಬಂತೋ ಅಳು ಬಂತೋ ನನಗೇ ಗೊತ್ತಾಗಲಿಲ್ಲ. ಕಂಪನಿಯವರು ನನ್ನ ಸಹಿ ಇಲ್ಲ ಅಂತ ಭಾವನವರಿಗೆ ಮಾಹಿತಿ ಕೊಡುವುದಿಲ್ಲ. ಕಂಪನಿಯವರ ಸಹಿ ಇಲ್ಲ ಅಂತ ಭಾವನವರು ಅವರ ಉತ್ತರ ಮುಟ್ಟುವುದಿಲ್ಲ. ಇಬ್ಬರೂ ನಿಯಮ ಪಾಲಿಸುವವರು. ಇಬ್ಬರ ಮಧ್ಯೆ ನನ್ನ ಅಂಗಡಿ ಹರಾಜಿಗೆ ನಿಂತಿತ್ತು.

ಬ್ಯಾಂಕು ಬದಲಾವಣೆಯ ಅರ್ಜಿ, ಹೊಸ ವಿಳಾಸಕ್ಕೆ ದಾಖಲೆ, ನನ್ನದೇ ಫೋನ್ ನಂಬರು, ರದ್ದು ಮಾಡಿದ ಚೆಕ್ಕು ಎಲ್ಲ ಅವತ್ತೇ ಕೊಟ್ಟೆ. ಚೆಕ್ಕು ತರಲು ಮನೆಗೆ ಓಡಿ ಬಂದೆ, ಮತ್ತೆ ಓಡಿ ಹೋದೆ. "ಹೊಸ ಖಾತೆ ನಿಮ್ಮದೇ ಹೌದಾ ಅಂತ ಪರಿಶೀಲಿಸಿಯೇ ದುಡ್ಡು ಬಿಡಬೇಕು. ಅದಕ್ಕೆ ಸ್ವಲ್ಪ ದಿನ ಹಿಡಿಯುತ್ತೆ" ಅಂದಳು. ಲಿಖಿತ ಉತ್ತರ ಹೆಡ್ಡಾಫೀಸಿನಿಂದ ಬರಬೇಕು ಅಂದಳು. ಅವರಿಗೂ ಒಂದು ಹೆಡ್ಡಾಫೀಸು ಇದೆಯಲ್ಲ ಅಂತ ಆ ಸಂಕಟದಲ್ಲೂ ಅನ್ನಿಸಿತು.

ಗುರುವಾರ ಮಧ್ಯಾಹ್ನ ಉತ್ತರ ಕೈಗೆ ಬಂತು. ದುಡ್ಡು ಸೋಮವಾರ ಜಮಾ ಆಗುತ್ತದೆ ಎಂದು ತಾರೀಖು ಹಾಕಿ ಬರೆದಿದ್ದರು. ತಡಕ್ಕೆ ಕಾರಣವನ್ನೂ ಬರೆದಿದ್ದರು. ಖಾತೆ ನಂಬರು ಬದಲಾಗಿದ್ದರಿಂದ ಪಾವತಿ ಮರಳಿತು; ಈ ಬಗ್ಗೆ ಕಳಿಸಿದ ಪತ್ರಗಳು ನೋಂದಾಯಿತ ವಿಳಾಸದಿಂದ ವಾಪಸ್ಸಾದವು; ತಡ ಕಂಪನಿಯ ಕಡೆಯಿಂದ ಆಗಿಲ್ಲವಾದ್ದರಿಂದ ಬಡ್ಡಿ ಕೊಡಲಾಗುವುದಿಲ್ಲ. ಗಡುವು ಶುಕ್ರವಾರ, ದುಡ್ಡು ಸೋಮವಾರ. ಆ ಕಾಗದ ಹಿಡಿದು ಮೆಡಿಕಲ್ ಶಾಪಿಗೆ ಹೋದೆ.

ಅವರು ಕನ್ನಡಕ ಏರಿಸಿ, ಔಷಧಿ ಚೀಟಿ ಓದುವ ಹಾಗೆ ಎರಡು ಸಲ ಓದಿದರು. ಮುಖ ಗಂಟಾಯಿತು.

"ಪತ್ರಗಳು ನಿಮ್ಮ ವಿಳಾಸದಿಂದಲೇ ವಾಪಸ್ಸಾಗಿವೆ ಅಂತಿದೆ. ಅಂದ್ರೆ ನೀವೇ ಬೇಕಂತ ದುಡ್ಡು ತಡೆದ್ರಾ? ಗಡುವು ಹತ್ತಿರ ಬಂದಾಗ ನಾನು ಬೆಲೆ ಇಳಿಸ್ತೀನಿ ಅಂತ ಲೆಕ್ಕ ಹಾಕಿದ್ರಾ?"

"ಅಯ್ಯೋ ಇಲ್ಲ ಅಣ್ಣ. ನಮ್ಮ ಭಾವ ವಾಪಸ್ ಕಳಿಸಿದ್ದು. ನನಗೆ ಗೊತ್ತೇ ಇರಲಿಲ್ಲ."

"ನಿಮ್ಮ ಭಾವ? ಆ ಸಾಹೇಬ್ರಾ?" ಅವರು ನಂಬಲಿಲ್ಲ. "ಒಂದು ಮಾತ್ರೆ ತಗೊಂಡ್ರೂ ಬಿಲ್ಲಿನ ಹಿಂದೆ ಮುಂದೆ ಓದೋ ಮನುಷ್ಯ. ಅವರು ದುಡ್ಡಿನ ಪತ್ರ ಓದದೆ ವಾಪಸ್ ಕಳಿಸ್ತಾರಾ? ಬೇರೆ ಯಾರಿಗಾದ್ರೂ ಹೇಳಿ. ಅವರೇ ಬಂದು ಹೇಳಲಿ, ಆಗ ನೋಡ್ತೀನಿ. ನಾಳೆ ಸಂಜೆವರೆಗೂ ಟೈಮಿದೆ."

ಭಾವನವರ ಮನೆಗೆ ಹೋಗುವ ದಾರಿಯಲ್ಲಿ ಮೈಯೆಲ್ಲ ಉರಿಯುತ್ತಿತ್ತು. ಮದುವೆಯಾದಾಗಿನಿಂದ ಅವರೆದುರು ದನಿ ಎತ್ತಿದವಳಲ್ಲ. ಅಕ್ಕ ಬಾಗಿಲು ತೆಗೆದು, ನನ್ನ ಮುಖ ನೋಡಿ ಪಕ್ಕಕ್ಕೆ ಸರಿದರು. ನಾನು ಕಾಗದವನ್ನು 'ಒಳಕ್ಕೆ' ಟ್ರೇಯಲ್ಲಿ ಇಡಲಿಲ್ಲ. ಅವರ ಕೈಗೇ ಕೊಟ್ಟೆ.

ಅವರು ಮೊದಲು ಕಾಗದದ ಕೆಳಭಾಗ ನೋಡಿದರು. ಆಮೇಲೆ ಮೇಲಿನಿಂದ ಓದಿದರು.

"ಆ ಪತ್ರಗಳಲ್ಲಿ ಸಹಿ ಇರಲಿಲ್ಲಮ್ಮ" ಅಂದರು. "ಕೆಳಗೆ ಏನು ಬರೆದಿದ್ರು ಗೊತ್ತಾ? 'ಕಂಪ್ಯೂಟರಿನಿಂದ ಸಿದ್ಧವಾದ ಪತ್ರ, ಸಹಿ ಅಗತ್ಯವಿಲ್ಲ' ಅಂತ. ಅಗತ್ಯವಿಲ್ಲ ಅಂತ ಹೇಳೋಕೆ ಇವರು ಯಾರು? ಸರ್ವಿಸ್ ಪೂರ್ತಿ ಸಹಿ ಇಲ್ಲದ ಒಂದು ಕಾಗದವನ್ನೂ ನಾನು ಒಳಗೆ ಬಿಟ್ಟಿಲ್ಲ."

"ಅದರಲ್ಲಿ ಏನು ಬರೆದಿದ್ರು ಅಂತ ಓದಿದ್ರಾ ಭಾವ?"

"ಸಹಿ ಇಲ್ಲ ಅಂದ ಮೇಲೆ ಒಳಗೆ ಏನಿದ್ರೆ ಏನು?"

"ಒಳಗೆ ನನ್ನ ಅಂಗಡಿ ಇತ್ತು" ಅಂದೆ. "ನನ್ನ ಹೆಸರಿಗೆ ಬಂದ ಪತ್ರ ಅದು. ನಿಮಗೆ ಬೇಡದಿದ್ರೆ ನನಗೆ ಕೊಡಬೇಕಿತ್ತು. ನನ್ನ ದುಡ್ಡು, ನನ್ನ ಹೆಸರು. ನೀವು ನನ್ನನ್ನ ಒಂದು ಮಾತೂ ಕೇಳಲಿಲ್ಲ. ಹಗಲೂ ರಾತ್ರಿ ಬೇರೆಯವರ ಪ್ಯಾಂಟು ಹೊಲಿದು ಕೂಡಿಟ್ಟಿದ್ದು ಭಾವ. ನಾಳೆ ಸಂಜೆ ಅದು ಹೋಗುತ್ತೆ, ಮುಂಗಡವೂ ಹೋಗುತ್ತೆ. ನೀವು ಐದನೇ ಪತ್ರ ಬರೀತಾ ಕೂತಿರಿ."

ಅಡುಗೆಮನೆಯಲ್ಲಿ ಅಕ್ಕ ಪಾತ್ರೆ ತೊಳೆಯುವುದನ್ನು ನಿಲ್ಲಿಸಿದ್ದು ಗೊತ್ತಾಯಿತು.

"ಒಂದು ಸ್ಪಷ್ಟನೆ ಬರೆದು ಕೊಡ್ತೀನಿ" ಅಂದರು ಭಾವನವರು, ಕಾಗದಕ್ಕೆ ಕೈಹಾಕುತ್ತಾ.

"ಬರೆಯೋದು ಬೇಡ. ಬನ್ನಿ. ಬಾಯಲ್ಲಿ ಹೇಳಿ."

ಶುಕ್ರವಾರ ಅವರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ನನ್ನ ಜೊತೆ ಬಂದರು. ದಾರಿಯುದ್ದಕ್ಕೂ ತುಟಿ ಅಲ್ಲಾಡುತ್ತಿತ್ತು, ಪೀಠಿಕೆ ಸಿದ್ಧವಾಗುತ್ತಿತ್ತು. ಮೆಡಿಕಲ್ ಶಾಪಿನಲ್ಲಿ ಮೂರು ಜನ ಗಿರಾಕಿಗಳಿದ್ದರು. ಮೊಬೈಲ್ ರಿಪೇರಿಯವನೂ ಇದ್ದ, ತಲೆನೋವಿನ ಮಾತ್ರೆ ಕೊಳ್ಳುವ ನೆಪದಲ್ಲಿ. ಅವನ ಶರ್ಟಿನ ಜೇಬು ಉಬ್ಬಿತ್ತು.

"ಏನು ಸಾಹೇಬ್ರೇ?" ಅಂದರು ಅಂಗಡಿಯವರು.

"ನಮಸ್ಕಾರ. ವಿಷಯ ಏನೆಂದರೆ," ಅಂತ ಭಾವನವರು ಶುರು ಮಾಡಿದರು, "ಸದರಿ ಹೂಡಿಕೆ ಕಂಪನಿಯೊಂದಿಗೆ ನಡೆದ ಪತ್ರವ್ಯವಹಾರದ ಸಂದರ್ಭದಲ್ಲಿ, ಕೆಲವು ಪತ್ರಗಳು ಕ್ರಮಬದ್ಧವಾಗಿಲ್ಲದೆ ಇದ್ದುದರಿಂದ, ಅನಿವಾರ್ಯವಾಗಿ..."

ಅಂಗಡಿಯವರು ಗಿರಾಕಿಯ ಕಡೆ ತಿರುಗಿ ಮಾತ್ರೆ ಕತ್ತರಿಸತೊಡಗಿದರು. ಮೊಬೈಲಿನವನು ಜೇಬಿನ ಮೇಲೆ ಕೈ ಇಟ್ಟುಕೊಂಡ. ಭಾವನವರು ನನ್ನ ಮುಖ ನೋಡಿದರು. ಅವರ ಮುಖ ಕಿವಿಯವರೆಗೂ ಕೆಂಪಾಯಿತು.

"ಆ ಪತ್ರ ವಾಪಸ್ ಕಳಿಸಿದ್ದು ನಾನು" ಅಂದರು. "ಓದದೆ ಕಳಿಸಿದೆ. ಅವಳಿಗೆ ಹೇಳಲೂ ಇಲ್ಲ. ತಪ್ಪು ನನ್ನದು. ಅವಳಿಗೆ ಸೋಮವಾರದವರೆಗೆ ಟೈಮು ಕೊಡಿ."

ನನಗೆ ಗೆದ್ದೆ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ. ಆ ಎತ್ತರದ ಮನುಷ್ಯ ಅಷ್ಟು ಜನರ ಮುಂದೆ ಕೈ ಜೋಡಿಸಿದಂತೆ ನಿಂತಿದ್ದರು.

"ಸೋಮವಾರ ಸಂಜೆವರೆಗೆ" ಅಂದರು ಮೆಡಿಕಲ್ ಶಾಪಿನವರು. ಆಮೇಲೆ ಮೊಬೈಲಿನವನಿಗೆ, "ನಿಮ್ಮ ಮಾತ್ರೆ ತಗೊಳ್ಳಿ" ಅಂದರು.

ಸೋಮವಾರ ಹನ್ನೊಂದು ಗಂಟೆಗೆ ನನ್ನ ಫೋನಿಗೇ ಸಂದೇಶ ಬಂತು. ದುಡ್ಡು ಜಮಾ ಆಗಿತ್ತು. ಸಂಜೆಯೊಳಗೆ ಬಾಕಿ ಕೊಟ್ಟು ರಸೀದಿ ಪಡೆದೆ. ಎರಡು ದಿನ ಬಿಟ್ಟು ನೋಂದಣಿ ಕಚೇರಿಗೆ ಹೋದೆವು. ಸಾಕ್ಷಿಗೆ ಇಬ್ಬರು ಬೇಕಿತ್ತು. ಒಬ್ಬರು ಯಜಮಾನರ ಜೊತೆ ಕೆಲಸ ಮಾಡುವ ಕಂಡಕ್ಟರು. ಇನ್ನೊಬ್ಬರು ಭಾವ. ಕರೆದದ್ದು ನಾನೇ.

ಆ ದಿನಗಳಲ್ಲಿ ಅವರು ಸೊರಗಿಹೋಗಿದ್ದರು. ಕಚೇರಿಯ ಬೆಂಚಿನ ತುದಿಯಲ್ಲಿ, ಯಾರಿಗೂ ಅಡ್ಡ ಬರಬಾರದು ಅನ್ನುವ ಹಾಗೆ ಕೂತಿದ್ದರು. ಕರೆದಾಗ ಬಂದು, ಕ್ರಯಪತ್ರದ ಬರಹಗಾರ ತೋರಿಸಿದ ಕಡೆ ಸಹಿ ಹಾಕಲು ಪೆನ್ನು ತೆರೆದರು. ಪತ್ರದ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಜೀವಮಾನದಲ್ಲಿ ಅವರು ಓದದೆ ಸಹಿ ಹಾಕಲು ಹೊರಟಿದ್ದು ಅದೇ ಮೊದಲು. ನನಗೆ ತಡೆಯಲಾಗಲಿಲ್ಲ.

"ಓದಿ ಹಾಕಿ ಭಾವ" ಅಂದೆ.

ಬರಹಗಾರ ಗೊಣಗಿದ. ಹಿಂದೆ ಸಾಲಿನಲ್ಲಿದ್ದವರೂ ಗೊಣಗಿದರು. ಭಾವನವರು ಕನ್ನಡಕ ಹಾಕಿಕೊಂಡು, ಬೆರಳಿಟ್ಟು, ಒಂದೊಂದೇ ಸಾಲು ಓದಿದರು. ಕೊನೆಯ ಪುಟದಲ್ಲಿ ಬೆರಳು ನಿಂತಿತು. ಬಾಯಿ ತೆರೆದು, ಮುಚ್ಚಿಕೊಂಡರು. ಮತ್ತೆ ಓದಿದರು. ಆಮೇಲೆ ನನ್ನ ಕಡೆ ತಿರುಗಿದರು.

"ಹಿಂದಿನ ಗೋಡೆ ನಿನ್ನ ಕೋಣೆಗೆ ಸೇರಿದ್ದು ಅಂತ ಬರೆದಿಲ್ಲಮ್ಮ. ಬಿಟ್ಟುಹೋಗಿದೆ" ಅಂದರು ಮೆಲ್ಲಗೆ. "ನಾನು ಬರಹಗಾರನಿಗೆ ಹೇಳಲಾ?"

ಮದುವೆಯಾದ ಈ ಮೂವತ್ತು ವರ್ಷದಲ್ಲಿ ಅವರು ನನ್ನನ್ನು ಏನನ್ನಾದರೂ ಕೇಳಿದ್ದು ನನಗೆ ನೆನಪಿಲ್ಲ.

"ಹೇಳಿ ಭಾವ" ಅಂದೆ. "ಒಡ್ಡೊಡ್ಡಾಗೇ ಹೇಳಿ."